ವಿಡಿಯೊ ಕಾಲ್‌ಗೆ ಯಾವ ಬಣ್ಣ, ಎಂಥ ಕತ್ತು?

ಪ್ರಶ್ನೆ: ಹುಬ್ಬಳ್ಳಿಯ ಮನೆಯಿಂದಲೇ ಕಂಪನಿ ಕೆಲಸ ಮಾಡುತ್ತೇನೆ. ದಿನಕ್ಕೆ ಮೂರ್ನಾಲ್ಕು ವಿಡಿಯೊ ಕಾಲ್ ಇರುತ್ತವೆ. ಬಿಳಿ ಕುರ್ತಾ ಹಾಕಿದರೆ ಮುಖ ಕಪ್ಪಿಡುತ್ತದೆ, ಕಪ್ಪು ಹಾಕಿದರೆ ಮುಖ ಬಿಳಿಚಿಕೊಳ್ಳುತ್ತದೆ. ಖಣದ ಕುರ್ತಾ ತೊಟ್ಟ ದಿನ ಎದೆಯ ಮೇಲೆ ಏನೋ ಮಿಣಮಿಣ ಹರಿದಾಡಿದಂತೆ ಕಾಣುತ್ತಿತ್ತಂತೆ. ಬೋಟ್ ನೆಕ್ ಕನ್ನಡಿಯಲ್ಲಿ ಚೆಂದ, ಕಾಲ್‌ನಲ್ಲಿ ಮುಜುಗರ. ಎಂಥ ಬಣ್ಣ ಕೊಳ್ಳಲಿ, ಟೈಲರ್‌ಗೆ ಕತ್ತು ಎಷ್ಟು ಇಡಲು ಹೇಳಲಿ?

ಉತ್ತರ: ಬಟ್ಟೆಯ ಬಣ್ಣ ಯಾವುದು ಅನ್ನುವುದಕ್ಕಿಂತ ಅದು ಎಷ್ಟು ತಿಳಿ, ಎಷ್ಟು ಗಾಢ ಅನ್ನುವುದನ್ನು ಮೊದಲು ನೋಡಿ. ನಿಮ್ಮ ಮುಖ ಕಪ್ಪಿಡುವುದಕ್ಕೂ ಬಿಳಿಚಿಕೊಳ್ಳುವುದಕ್ಕೂ ಕಾರಣ ಅಲ್ಲೇ ಇದೆ.

ಲ್ಯಾಪ್‌ಟಾಪಿನ ಕ್ಯಾಮೆರಾ ತನ್ನ ಎದುರಿನ ದೃಶ್ಯವನ್ನು ಒಟ್ಟಾಗಿ ಅಳೆಯುತ್ತದೆ. ಬೆಳಕಿನ ಸರಾಸರಿ ಮಧ್ಯಮ ಬೂದು ಬಣ್ಣಕ್ಕೆ ಹತ್ತಿರ ಇರಬೇಕು ಎಂಬುದು ಅದರ ಲೆಕ್ಕ. ನೀವು ಬಿಳಿ ಕುರ್ತಾ ಹಾಕಿ ಕೆನೆ ಬಣ್ಣದ ಗೋಡೆಯ ಮುಂದೆ ಕೂತರೆ ಚೌಕಟ್ಟಿನ ಬಹುಪಾಲು ತಿಳಿ ಬಣ್ಣವೇ ಆಗಿಬಿಡುತ್ತದೆ. ಬೆಳಕು ಹೆಚ್ಚಾಯಿತೆಂದು ಕ್ಯಾಮೆರಾ ಇಡೀ ಚಿತ್ರದ ಬೆಳಕನ್ನು ಕುಗ್ಗಿಸುತ್ತದೆ. ಕುರ್ತಾ ಬೂದುಬಿಳಿಯಾಗುತ್ತದೆ, ಅದರ ಜೊತೆಗೆ ಮುಖವೂ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಕಪ್ಪು ಹಾಕಿದಾಗ ಇದೇ ಲೆಕ್ಕ ತಿರುಗಿ ಬೀಳುತ್ತದೆ. ಕತ್ತಲೆ ಎಂದುಕೊಂಡ ಕ್ಯಾಮೆರಾ ಚಿತ್ರದ ಬೆಳಕನ್ನು ಎತ್ತುತ್ತದೆ, ಹಣೆ ಕೆನ್ನೆಗಳ ಬಣ್ಣ ತೊಳೆದುಹೋಗುತ್ತದೆ. ಕಪ್ಪು ಬಟ್ಟೆಯ ಜಾಗದಲ್ಲಿ ಮಾತ್ರ ಮಡಿಕೆ, ಹೊಲಿಗೆ ಏನೂ ಕಾಣದೆ ಮಚ್ಚೆಮಚ್ಚೆಯಾಗಿ ಕಾಳುಕಾಳು ಚುಕ್ಕೆಗಳು ಕೂರುತ್ತವೆ. ಕೆಲವು ಹೊಸ ಫೋನು, ವೆಬ್‌ಕ್ಯಾಮ್‌ಗಳು ಮುಖವನ್ನು ಗುರುತಿಸಿ ಅದಕ್ಕೇ ಬೆಳಕು ಹೊಂದಿಸುತ್ತವೆ. ಅಂಥವುಗಳಲ್ಲಿ ಮುಖ ಉಳಿಯುತ್ತದೆ, ಆದರೆ ಬಿಳಿ ಕುರ್ತಾದ ಕಸೂತಿ ಸುಟ್ಟುಹೋಗಿ ಬರೀ ಬಿಳಿ ತುಂಡು ಉಳಿಯುತ್ತದೆ.

ದೀಪ ಹೆಚ್ಚಿಸಿದರೆ ಸರಿಹೋಗುತ್ತದೆ ಎಂದು ಬಹಳ ಜನ ರಿಂಗ್ ಲೈಟ್ ಕೊಳ್ಳುತ್ತಾರೆ. ಎದುರಿಗಿಟ್ಟ ದೀಪ ಮುಖದ ಮೇಲೂ ಬೀಳುತ್ತದೆ, ಕುರ್ತಾದ ಮೇಲೂ ಅಷ್ಟೇ ಬೀಳುತ್ತದೆ. ಎರಡರ ನಡುವಿನ ಅಂತರ ಹಾಗೇ ಉಳಿಯುವುದರಿಂದ ಕ್ಯಾಮೆರಾ ಮತ್ತೆ ಹಳೆಯ ತೀರ್ಮಾನಕ್ಕೇ ಬರುತ್ತದೆ. ಚಿತ್ರದ ಚುಕ್ಕೆಗಳು ಕಡಿಮೆಯಾಗುವುದು ನಿಜ, ಮುಖದ ಕಪ್ಪು ಮಾತ್ರ ಹೋಗುವುದಿಲ್ಲ. ಬಿಳಿಯನ್ನೇ ಹಾಕಬೇಕಾದ ದಿನ ದೀಪವನ್ನು ಮುಖಕ್ಕಿಂತ ಸ್ವಲ್ಪ ಮೇಲಿಟ್ಟು ಮುಖದ ಕಡೆ ಮಾತ್ರ ತಿರುಗಿಸಿ. ಇಲ್ಲವೇ ಬಿಳಿಯ ಅರ್ಧ ಭಾಗ ಮುಚ್ಚುವಂತೆ ನಡುಗಾಢ ಬಣ್ಣದ ದುಪಟ್ಟಾ ಅಥವಾ ತೋಳಿಲ್ಲದ ಜಾಕೆಟ್ ಹಾಕಿಕೊಳ್ಳಿ. ನನ್ನ ಅನುಭವದಲ್ಲಿ ಎರಡನೆಯದೇ ಹೆಚ್ಚು ಭರವಸೆಯ ದಾರಿ.

ಹಾಗಾದರೆ ನಿಮಗೆ ಒಪ್ಪುವ ಗಾಢತೆ ಯಾವುದು? ಅದಕ್ಕೆ ಮನೆಯಲ್ಲೇ ಮಾಡುವ ಪರೀಕ್ಷೆ ಇದೆ. ನೀವು ಕಾಲ್‌ಗೆ ಕೂರುವ ಜಾಗದಲ್ಲೇ, ಕೂರುವ ಹೊತ್ತಿನಲ್ಲೇ ಕೂತು, ಕಪಾಟಿನ ಐದಾರು ಬಟ್ಟೆಗಳನ್ನು ಒಂದೊಂದಾಗಿ ಹೆಗಲ ಮೇಲೆ ಹೊದ್ದು ಫೋನಿನಲ್ಲಿ ಫೋಟೊ ತೆಗೆಯಿರಿ. ಆಮೇಲೆ ಫೋಟೊಗಳನ್ನು ಕಪ್ಪುಬಿಳುಪು ಮಾಡಿ ನೋಡಿ. ಬಣ್ಣ ಹೋದಮೇಲೆ ಬರೀ ತಿಳಿ, ಗಾಢದ ಲೆಕ್ಕ ಉಳಿಯುತ್ತದೆ. ಮುಖ, ಬಟ್ಟೆ, ಹಿಂದಿನ ಗೋಡೆ ಮೂರೂ ಬೇರೆ ಬೇರೆ ಬೂದಾಗಿ ಕಾಣಬೇಕು. ಬಟ್ಟೆ ಮುಖಕ್ಕಿಂತ ಸ್ವಲ್ಪ ಗಾಢವಾಗಿದ್ದು, ಪೂರ್ತಿ ಕಪ್ಪಾಗದೆ ಮಡಿಕೆಗಳು ಕಾಣುತ್ತಿದ್ದರೆ ಅದು ಗೆದ್ದಿತು. ಮುಖದ ಬೂದೂ ಬಟ್ಟೆಯ ಬೂದೂ ಒಂದೇ ಆಗಿದ್ದರೆ ಆ ಬಟ್ಟೆಯನ್ನು ಕಾಲ್‌ಗೆ ಬೇಡ ಎನ್ನಿ. ಮೈಬಣ್ಣ ಗಾಢವಾಗಿರುವವರಿಗೆ ಮುಖಕ್ಕಿಂತ ಗಾಢವಾದ ಬಟ್ಟೆ ಹಾಕಿದರೆ ಕಪ್ಪಿನ ಸಮಸ್ಯೆಯೇ ಬರುತ್ತದೆ. ಅವರು ಮುಖಕ್ಕಿಂತ ಒಂದು ಮೆಟ್ಟಿಲು ತಿಳಿಯಾದ, ಆದರೆ ಬಿಳಿಯಷ್ಟು ತಿಳಿಯಲ್ಲದ ಬಣ್ಣ ನೋಡಬೇಕು. ಅರಿಶಿನ, ತುಸು ಮಂಕಾದ ನೀಲಿ, ಈರುಳ್ಳಿ ಬಣ್ಣ ಇವರಿಗೆ ಚೆನ್ನಾಗಿ ಬರುತ್ತವೆ.

ಗೋಧಿ ಮೈಬಣ್ಣಕ್ಕೆ, ಕೆನೆ ಬಣ್ಣದ ಗೋಡೆಯ ಮುಂದೆ, ನವಿಲು ನೀಲಿ, ರಾಮಾ ಗ್ರೀನ್, ಇಟ್ಟಿಗೆ ಬಣ್ಣ, ಬದನೆಕಾಯಿಗಿಂತ ತುಸು ತಿಳಿಯಾದ ನೇರಳೆ, ಜೀನ್ಸ್ ಬಟ್ಟೆಯ ನೀಲಿ ಸಾಮಾನ್ಯವಾಗಿ ಈ ಪರೀಕ್ಷೆ ದಾಟುತ್ತವೆ. ಇವೆಲ್ಲ ನಡುಗಾಢ, ತುಸು ಮಂಕು ಬಣ್ಣಗಳು.

ಮಂಕು ಯಾಕೆ ಬೇಕು ಎನ್ನುವುದಕ್ಕೆ ಬೇರೆಯೇ ಕಾರಣವಿದೆ. ಕಾಲ್‌ನಲ್ಲಿ ಹೋಗುವ ಚಿತ್ರವನ್ನು ಕುಗ್ಗಿಸುವಾಗ ತಿಳಿ, ಗಾಢದ ವಿವರವನ್ನು ಪೂರ್ತಿ ಉಳಿಸಿಕೊಂಡು ಬಣ್ಣದ ವಿವರವನ್ನು ಅಡ್ಡಕ್ಕೂ ಉದ್ದಕ್ಕೂ ಅರ್ಧಕ್ಕೆ ಇಳಿಸುತ್ತಾರೆ. ಅಂದರೆ ನಾಲ್ಕು ಪಿಕ್ಸೆಲ್‌ಗೆ ಸೇರಿ ಒಂದೇ ಬಣ್ಣದ ಲೆಕ್ಕ. ಕಣ್ಣು ಬಣ್ಣದ ಸೂಕ್ಷ್ಮವನ್ನು ಅಷ್ಟಾಗಿ ಹಿಡಿಯುವುದಿಲ್ಲವಾದ್ದರಿಂದ ಹೆಚ್ಚಿನ ಬಟ್ಟೆಗಳಲ್ಲಿ ಇದು ಗೊತ್ತಾಗುವುದೇ ಇಲ್ಲ. ಕಡುಗೆಂಪು, ರಾಣಿ ಪಿಂಕ್, ಕೇಸರಿಯಂಥ ಉರಿಯುವ ಬಣ್ಣಗಳಲ್ಲಿ ಮಾತ್ರ ಗೊತ್ತಾಗುತ್ತದೆ. ಕತ್ತಿನ ಅಂಚಿನಿಂದ ಬಣ್ಣ ಮೈಮೇಲೆ ಸೋರಿದಂತಿರುತ್ತದೆ. ಮಡಿಕೆಗಳೂ ಮಾಯವಾಗುತ್ತವೆ, ಯಾಕೆಂದರೆ ಇಂಥ ಬಣ್ಣದಲ್ಲಿ ಕ್ಯಾಮೆರಾದ ಕೆಂಪು ಭಾಗ ತುಂಬಿ ತುಳುಕಿರುತ್ತದೆ, ಇನ್ನು ಹೆಚ್ಚು ಕಡಿಮೆ ತೋರಿಸಲು ಅದಕ್ಕೆ ಜಾಗವೇ ಇರುವುದಿಲ್ಲ. ಕೆಂಪು ನಿಮಗೆ ಇಷ್ಟವಾದರೆ ಕುಂಕುಮದ ಕೆಂಪು ಬಿಟ್ಟು ಇಳಕಲ್ ಸೀರೆಯ ದಾಳಿಂಬೆ ಕೆಂಪಿನ ಕಡೆ ಬನ್ನಿ. ಅದರಲ್ಲಿ ಬಣ್ಣವೂ ಉಳಿಯುತ್ತದೆ, ನೆರಿಗೆಯೂ ಕಾಣುತ್ತದೆ.

ಇನ್ನೂ ಒಂದು ಸಂಗತಿ ಗಮನಿಸಿ. ಬಟ್ಟೆಯ ಮೇಲೆ ಬಿದ್ದ ಬೆಳಕು ಗಲ್ಲದ ಅಡಿಗೆ ಪುಟಿಯುತ್ತದೆ. ಕಿಟಕಿ ಎದುರಿದ್ದರೆ ಇದು ಎದ್ದೇ ಕಾಣುತ್ತದೆ. ಗಿಳಿ ಹಸಿರು ಹಾಕಿದ ದಿನ ಗಲ್ಲದ ಕೆಳಗೆ, ಕತ್ತಿನಲ್ಲಿ ಹಸಿರು ಛಾಯೆ ಬಂದು ಜ್ವರದಿಂದ ಎದ್ದವರ ಹಾಗೆ ಕಾಣುತ್ತೀರಿ. ಅದೇ ಹಸಿರನ್ನು ಸಲ್ವಾರ್‌ಗೋ ಸೀರೆಯ ಅಂಚಿಗೋ ಇಟ್ಟುಕೊಂಡರೆ ತೊಂದರೆಯಿಲ್ಲ, ಗಲ್ಲದಿಂದ ಒಂದು ಗೇಣಿನೊಳಗೆ ಬೇಡ ಅಷ್ಟೆ. ಜೊತೆಗೆ, ಚೌಕಟ್ಟಿನ ಕೆಳಭಾಗವನ್ನು ಒಂದೇ ಉರಿ ಬಣ್ಣ ತುಂಬಿಕೊಂಡರೆ ಕ್ಯಾಮೆರಾ ಅದನ್ನು ಬೆಳಕಿನದೇ ಬಣ್ಣವೆಂದು ತಿಳಿದು ಎದುರು ದಿಕ್ಕಿಗೆ ತಿದ್ದುತ್ತದೆ. ಕೇಸರಿ ಕುರ್ತಾ ಹಾಕಿದಾಗ ಮುಖಕ್ಕೂ ಗೋಡೆಗೂ ನೀಲಿ ಛಾಯೆ ಬರುವುದು ಹೀಗೆ. ಕುರ್ತಾ ಬದಲಿಸಿದ ಕೂಡಲೇ ಗೋಡೆಯ ಬಣ್ಣವೂ ಬದಲಾದರೆ ತಪ್ಪು ಬಟ್ಟೆಯದೇ ಎಂದು ಖಚಿತ.

ಈಗ ನಿಮ್ಮ ಖಣದ ವಿಷಯ. ಗುಳೇದಗುಡ್ಡದ ಖಣದ ಸೊಬಗು ಇರುವುದೇ ಹತ್ತಿರಹತ್ತಿರ ನೇಯ್ದ ಸಣ್ಣ ಬುಟ್ಟಾಗಳಲ್ಲಿ ಮತ್ತು ನೂಲಿನ ಹೊಳಪಿನಲ್ಲಿ. ಕ್ಯಾಮೆರಾಗೆ ಎರಡೂ ಕಷ್ಟ. ಲೆಕ್ಕ ಹಾಕಿ ನೋಡೋಣ. ಲ್ಯಾಪ್‌ಟಾಪಿನಿಂದ ಎರಡು ಅಡಿ ದೂರ ಕೂತರೆ ಮುಖದ ಹತ್ತಿರ ಚೌಕಟ್ಟಿನ ಅಗಲ ಸುಮಾರು 30 ಇಂಚು ಬರುತ್ತದೆ. ಕ್ಯಾಮೆರಾದಿಂದ ಕ್ಯಾಮೆರಾಗೆ ಇದು ಬದಲಾಗುತ್ತದೆ, ಆದ್ದರಿಂದ ಕಾಲ್‌ನ ಕಿಟಕಿ ತೆರೆದು ಮುಖದ ಪಕ್ಕ ಇಂಚು ಟೇಪನ್ನು ಅಡ್ಡ ಹಿಡಿದು, ಎಡ ಅಂಚಿನಿಂದ ಬಲ ಅಂಚಿನವರೆಗೆ ಎಷ್ಟು ಕಾಣುತ್ತದೆ ಎಂದು ಓದಿಕೊಳ್ಳಿ. ನೆಟ್‌ವರ್ಕ್ ಸಾಧಾರಣವಿದ್ದಾಗ ಎದುರಿನವರಿಗೆ ತಲುಪುವ ಚಿತ್ರ 640 ಪಿಕ್ಸೆಲ್ ಅಗಲ ಇರಬಹುದು. 30 ಇಂಚಿಗೆ 640 ಎಂದರೆ ಇಂಚಿಗೆ 21, ಅಂದರೆ ಒಂದು ಸೆಂಟಿಮೀಟರಿಗೆ ಎಂಟು ಪಿಕ್ಸೆಲ್. ಒಂದು ಪಿಕ್ಸೆಲ್ ಬಟ್ಟೆಯ ಮೇಲೆ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು ಜಾಗ ತಿನ್ನುತ್ತದೆ. ಹತ್ತು ಹನ್ನೆರಡು ಜನ ಇರುವ ಮೀಟಿಂಗ್‌ನಲ್ಲಿ ನಿಮ್ಮ ಚೌಕ ಇನ್ನೂ ಚಿಕ್ಕದಾಗಿ, ಪಿಕ್ಸೆಲ್ ಇನ್ನೂ ದೊಡ್ಡದಾಗುತ್ತದೆ.

ಗೆರೆ ಪಿಕ್ಸೆಲ್‌ಗಿಂತ ಸಣ್ಣದಾದರೆ ಕ್ಯಾಮೆರಾ ಅದನ್ನು ಬಿಡಿಸಿ ತೋರಿಸಲಾರದು. ಗೆರೆಗಳೂ ಪಿಕ್ಸೆಲ್‌ಗಳೂ ಒಂದಕ್ಕೊಂದು ತಾಳೆಯಾಗದೆ ಬಟ್ಟೆಯಲ್ಲಿ ಇಲ್ಲದ ಅಲೆಗಳು ಹುಟ್ಟುತ್ತವೆ. ನೀವು ಉಸಿರಾಡಿದಷ್ಟಕ್ಕೇ ಆ ಅಲೆಗಳು ಸರಿದಾಡುತ್ತವೆ. ಎದುರಿನವರು ಮಿಣಮಿಣ ಎಂದದ್ದು ಇದನ್ನೇ. ಸಣ್ಣ ಚೌಕಳಿಯ ಉಡುಪಿ ಸೀರೆ, ಸಣ್ಣ ಗೆರೆಯ ಫಾರ್ಮಲ್ ಶರ್ಟ್, ನೂಲು ಎದ್ದು ಕಾಣುವ ಲಿನನ್ ಎಲ್ಲಕ್ಕೂ ಇದೇ ಗತಿ. ಗೆರೆಯೂ ಗೆರೆಗಳ ನಡುವಿನ ಖಾಲಿ ಜಾಗವೂ ಕನಿಷ್ಠ ಅರ್ಧ ಸೆಂಟಿಮೀಟರ್ ಇದ್ದರೆ ಸಣ್ಣ ಚೌಕದಲ್ಲೂ ನಿಲ್ಲುತ್ತವೆ. ಅಂಗಡಿಯಲ್ಲಿ ಕಿರುಬೆರಳಿನ ಉಗುರನ್ನು ಬಟ್ಟೆಯ ಮೇಲಿಟ್ಟು ನೋಡಿ. ಉಗುರಿನ ಅಗಲದೊಳಗೆ ಒಂದು ಗೆರೆ, ಒಂದು ಖಾಲಿ ಇದ್ದರೆ ಕೊಳ್ಳಬಹುದು. ಎರಡು ಮೂರು ಗೆರೆ ಕೂತರೆ ಅದು ಹಬ್ಬಕ್ಕೆ ಇರಲಿ. ಫೋನಿನ ಕ್ಯಾಮೆರಾದಲ್ಲಿ ಬಟ್ಟೆ ಚೆನ್ನಾಗಿ ಕಂಡರೆ ಮೋಸ ಹೋಗಬೇಡಿ, ಫೋನಿನ ಫೋಟೊದಲ್ಲಿ ಪಿಕ್ಸೆಲ್‌ಗಳು ಎಷ್ಟೋ ಪಟ್ಟು ಹೆಚ್ಚು.

ಖಣವನ್ನು ಬಿಡಬೇಕಿಲ್ಲ, ಜಾಗ ಬದಲಿಸಿದರೆ ಸಾಕು. ಸಾದಾ ನವಿಲು ನೀಲಿ ಕಾಟನ್ ಕುರ್ತಾದ ಕತ್ತಿಗೆ ಒಂದು ಇಂಚು ಅಗಲದ ಖಣದ ಪಟ್ಟಿ ಕೊಡಿಸಿ. ಅಷ್ಟು ಸಣ್ಣ ಜಾಗದಲ್ಲಿ ಅಲೆ ಹುಟ್ಟಿದರೂ ಕಣ್ಣಿಗೆ ಹತ್ತುವುದಿಲ್ಲ, ಮುಖದ ಸುತ್ತ ಅಂಚು ಎದ್ದು ಕಾಣುತ್ತದೆ. ಮೈಸೂರು ಸಿಲ್ಕ್‌ನಂಥ ಸಾದಾ ಒಡಲಿನ ರೇಷ್ಮೆಗೆ ಗೆರೆಯ ಕಾಟವಿಲ್ಲ, ಆದರೆ ಕಿಟಕಿ ಪಕ್ಕದಲ್ಲಿದ್ದರೆ ಹೆಗಲ ಮೇಲೆ ಬಿಳಿ ಹೊಳಪು ಕೂರುತ್ತದೆ. ಅದಕ್ಕೆ ಕೂರುವ ದಿಕ್ಕು ತುಸು ಬದಲಿಸುವುದೇ ಮದ್ದು.

ಕತ್ತಿನ ಲೆಕ್ಕಕ್ಕೂ ಇಂಚು ಟೇಪೇ ಬೇಕು. ಕನ್ನಡಿಯಲ್ಲಿ ನೀವು ತಲೆಯಿಂದ ಸೊಂಟದವರೆಗೆ ಕಾಣುತ್ತೀರಿ, ಕಾಲ್‌ನಲ್ಲಿ ಎದೆಯ ಮೇಲ್ಭಾಗಕ್ಕೇ ಕತ್ತರಿ ಬೀಳುತ್ತದೆ. ಬೋಟ್ ನೆಕ್ ಮುಜುಗರ ತಂದದ್ದು ಅದಕ್ಕೇ. ಎರಡು ಅಡಿ ದೂರದಲ್ಲಿ ಅಗಲ 30 ಇಂಚಾದರೆ ಎತ್ತರ 17 ಇಂಚಿನ ಆಸುಪಾಸು. ತಲೆಯ ಮೇಲೆ ಎರಡು ಇಂಚು ಖಾಲಿ ಬಿಡಿ, ನೆತ್ತಿಯಿಂದ ಗಲ್ಲಕ್ಕೆ ಒಂಬತ್ತು ಇಂಚು ಹೋಯಿತು. ಉಳಿದದ್ದು ಆರು. ಗಲ್ಲದಿಂದ ಕತ್ತಿನ ಕುಳಿಯವರೆಗೆ ಮೂರು ಇಂಚು ಎಂದುಕೊಂಡರೆ ಕುಳಿಯ ಕೆಳಗೆ ಕಾಣುವುದು ಮೂರೇ ಇಂಚು. ನಿಮ್ಮ ಬಟ್ಟೆಯ ಕಥೆಯೆಲ್ಲ ಆ ಮೂರು ಇಂಚಿನಲ್ಲೇ ಮುಗಿಯಬೇಕು.

ಬೋಟ್ ನೆಕ್‌ನಲ್ಲಿ ಬಟ್ಟೆಯ ಅಂಚು ಹೆಗಲುಗಳ ತುದಿಯವರೆಗೆ ಹರಡಿರುತ್ತದೆ. ಕುರ್ಚಿಯಲ್ಲಿ ಕೂತು ಟೈಪ್ ಮಾಡುವಾಗ ಅದು ಒಂದು ಕಡೆ ಜಾರುತ್ತದೆ, ಕತ್ತು ಹೆಗಲೆಲ್ಲ ತೆರೆದು ಕಾಣುತ್ತದೆ, ಚೌಕಟ್ಟಿನ ತಳದಲ್ಲಿ ಬಟ್ಟೆ ಬರೀ ಒಂದು ಪಟ್ಟಿಯಾಗಿ ಉಳಿಯುತ್ತದೆ. ಅದೂ ಚಂದನ ಬಣ್ಣವೋ ಗೋಧಿ ಬಣ್ಣವೋ ಆಗಿದ್ದರೆ ಸಣ್ಣ ಚೌಕದಲ್ಲಿ ಬಟ್ಟೆಗೂ ಮೈಗೂ ನಡುವಿನ ಗೆರೆಯೇ ಅಳಿಸಿಹೋಗುತ್ತದೆ. ಮುಜುಗರದ ಮೂಲ ಹೆಚ್ಚಾಗಿ ಇದೇ. ಆ ಕುರ್ತಾ ಉಳಿಸಿಕೊಳ್ಳಬೇಕೆಂದರೆ ಕತ್ತಿನ ಅಂಚಿಗೆ ಗಾಢ ಬಣ್ಣದ ಪೈಪಿಂಗ್ ಹೊಲಿಸಿ, ಹೆಗಲ ಹೊಲಿಗೆಗೆ ಒಳಗಿನಿಂದ ಸಣ್ಣ ಪಟ್ಟಿ ಮತ್ತು ಟಿಚ್ ಬಟನ್ ಹಾಕಿಸಿ. ಜಾರುವುದು ನಿಲ್ಲುತ್ತದೆ.

ವಿ ನೆಕ್‌ನಲ್ಲಿ ತಪ್ಪಾಗುವುದು ಆಳದಲ್ಲಿ. ವಿ ಆಕಾರದ ತುದಿ ಚೌಕಟ್ಟಿನೊಳಗೆ ಕಾಣಬೇಕು, ಅದರ ಕೆಳಗೆ ಕನಿಷ್ಠ ಮುಕ್ಕಾಲು ಇಂಚು ಬಟ್ಟೆಯೂ ಕಾಣಬೇಕು. ತುದಿ ಚೌಕಟ್ಟಿನಾಚೆ ಹೋದರೆ ಎರಡು ಪಟ್ಟಿಗಳು ಇಳಿಬಿದ್ದು ನಡುವೆ ತೆರೆದಂತೆ ಕಾಣುತ್ತದೆ, ಎದುರಿನವರ ಕಣ್ಣು ಅಲ್ಲಿಗೇ ಹೋಗುತ್ತದೆ. ಟೈಲರ್ ಮುಂಗತ್ತಿನ ಆಳವನ್ನು ಅಳೆಯುವುದು ಹೆಗಲು ಮತ್ತು ಕತ್ತು ಸೇರುವ ಬಿಂದುವಿನಿಂದ ನೇರ ಕೆಳಕ್ಕೆ. ಆ ಬಿಂದುವಿನಿಂದ ಕುಳಿಗೆ ಸುಮಾರು ಮೂರು ಇಂಚು ಇರುತ್ತದೆ. ಹಾಗಾಗಿ ಆಳ 7 ಇಂಚು ಇಟ್ಟರೆ ತುದಿ ಕುಳಿಯಿಂದ ನಾಲ್ಕು ಇಂಚು ಕೆಳಗೆ, ಚೌಕಟ್ಟಿನ ಹೊರಗೆ ಬೀಳುತ್ತದೆ. ನಿಮಗೆ ಬೇಕಾದದ್ದು 5 ಇಂಚು, ಹೆಚ್ಚೆಂದರೆ ಕಾಲು ಇಂಚು ಜಾಸ್ತಿ. ಅಗಲ 6 ಇಂಚಿನೊಳಗಿರಲಿ. "ಹೊಲಿದು ತಯಾರಾದ ಮೇಲೆ ಇಷ್ಟು ಬರಬೇಕು" ಎಂದು ಒತ್ತಿ ಹೇಳಿ. ಹೇಳದಿದ್ದರೆ ಕತ್ತರಿಸುವಾಗಲೇ 5 ಇಟ್ಟು, ಅಂಚು ಮಡಚಿದ ಮೇಲೆ ಅದು ಬೇರೆಯೇ ಅಳತೆಯಾಗಿ ಬರುತ್ತದೆ. ಇವು ಮಧ್ಯಮ ಕಟ್ಟಿನ ಅಳತೆಗಳು. ನಿಮ್ಮ ಕುಳಿಯ ಅಳತೆಯನ್ನು ಕನ್ನಡಿ ಮುಂದೆ ಒಮ್ಮೆ ನೋಡಿಕೊಂಡು ಅದಕ್ಕೆ ಎರಡು ಇಂಚು ಕೂಡಿಸಿದರೆ ನಿಮ್ಮದೇ ಲೆಕ್ಕ ಸಿಗುತ್ತದೆ.

ದಿನದ ಬಳಕೆಗೆ ನನ್ನ ಮೊದಲ ಆಯ್ಕೆ ಇಂಥ ಚಿಕ್ಕ ವಿ. ಕತ್ತು ಉದ್ದವಾಗಿ ಕಾಣುತ್ತದೆ, ಅಂಚು ಸ್ಪಷ್ಟವಾಗಿರುತ್ತದೆ, ಕಿವಿಯೋಲೆಗೂ ಜಾಗವಿರುತ್ತದೆ. ನಿಂತ ಕಾಲರ್ ಇಷ್ಟವಿದ್ದರೆ ಪಟ್ಟಿಯ ಎತ್ತರ ಒಂದು ಇಂಚು ಮೀರದಿರಲಿ, ಮುಂದೆ ಎರಡು ಮೂರು ಇಂಚಿನ ಸೀಳು ಇರಲಿ. ಸೀಳಿಲ್ಲದ ಎತ್ತರದ ಕಾಲರ್‌ನಲ್ಲಿ ಕತ್ತೇ ಮಾಯವಾಗಿ ಗಲ್ಲ ಎದೆಯ ಮೇಲೆ ಕೂತಂತಿರುತ್ತದೆ. ಲ್ಯಾಪ್‌ಟಾಪ್ ಮೇಜಿನ ಮೇಲೆ ತಗ್ಗಾಗಿದ್ದು ಕ್ಯಾಮೆರಾ ಕೆಳಗಿನಿಂದ ನೋಡುತ್ತಿದ್ದರೆ ಇನ್ನೂ ಕೆಟ್ಟದು. ಕ್ಯಾಮೆರಾವನ್ನು ಕಣ್ಣಿನ ಮಟ್ಟಕ್ಕೆ ಏರಿಸಿಯೇ ಕತ್ತಿನ ತೀರ್ಮಾನ ಮಾಡಿ. ಇಲ್ಲದಿದ್ದರೆ ಒಳ್ಳೆಯ ಕುರ್ತಾವನ್ನೂ ಸುಮ್ಮನೆ ಮೂಲೆಗೆ ಹಾಕುತ್ತೀರಿ. ದುಂಡು ಕತ್ತು ಕುಳಿಯಿಂದ ಒಂದು ಇಂಚು ಕೆಳಗಿದ್ದರೆ ಸಾಕು, ಅದರ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ.

ಹೊಲಿಸಿ ತಂದ ಮೇಲೆ ನೇರವಾಗಿ ಕೂತು ನೋಡಿ ಸಮಾಧಾನಪಡಬೇಡಿ. ಪರದೆಯ ಮೇಲಿನ ಸಣ್ಣ ಅಕ್ಷರ ಓದಲು ಬಾಗುವ ಹಾಗೆ ಮುಂದಕ್ಕೆ ಬಾಗಿ, ಚಾರ್ಜರ್ ಎತ್ತಿಕೊಳ್ಳಲು ಪಕ್ಕಕ್ಕೆ ವಾಲಿ. ಕತ್ತಿನ ಅಂಚು ಮೈಯಿಂದ ಬಿಟ್ಟು ಬಾಯ್ದೆರೆದರೆ ಆಳ ಸರಿಯಿದ್ದರೂ ಅಗಲ ಹೆಚ್ಚಾಗಿದೆ ಎಂದರ್ಥ. ಟೈಲರ್ ಹೆಗಲ ಹೊಲಿಗೆಯಲ್ಲಿ ಕಾಲು ಇಂಚು ಹಿಡಿದರೆ ಹೆಚ್ಚಿನ ಬಾರಿ ಕೂತುಬಿಡುತ್ತದೆ.

ಸೀರೆ ಉಡುವ ದಿನಕ್ಕೂ ಒಂದು ಮಾತು. ಎಡ ಹೆಗಲ ಸೆರಗು ಚೌಕಟ್ಟಿನಲ್ಲಿ ಓರೆಯಾಗಿ ಹಾಯುತ್ತದೆ, ಅದು ಸಹಜವಾಗಿಯೇ ವಿ ನೆಕ್‌ನ ಕೆಲಸ ಮಾಡುತ್ತದೆ. ಹಾಗಾಗಿ ಕುಪ್ಪಸದ ಕತ್ತು ಸರಳವಾಗಿದ್ದಷ್ಟೂ ಒಳ್ಳೆಯದು. ಸೆರಗಿನ ನೆರಿಗೆಗಳನ್ನು ನಾಲ್ಕು ಇಂಚಿನಷ್ಟು ಅಗಲಕ್ಕೆ ಕೂರಿಸಿ ಪಿನ್ ಮಾಡಿ. ಸಡಿಲ ಬಿಟ್ಟ ಸೆರಗು ಕೈ ಆಡಿಸಿದಾಗೆಲ್ಲ ಅಲುಗಾಡಿ, ನೆಟ್ ನಿಧಾನವಿದ್ದಾಗ ಚೌಕಚೌಕವಾಗಿ ಒಡೆಯುತ್ತದೆ. ಜರಿ ಅಂಚು ಎಡ ಹೆಗಲ ಮೇಲಿರುವುದರಿಂದ ಕಿಟಕಿ ಬಲಗಡೆ ಬರುವಂತೆ ಕೂರಿ, ಜರಿ ಮಿಂಚುವುದು ತಗ್ಗುತ್ತದೆ. ಪರದೆಯಲ್ಲಿ ನಿಮಗೆ ಕಾಣುವ ನಿಮ್ಮ ಚಿತ್ರ ಸಾಮಾನ್ಯವಾಗಿ ಕನ್ನಡಿಯಂತೆ ತಿರುಗಿರುತ್ತದೆ, ಎದುರಿನವರಿಗೆ ಸರಿಯಾಗಿಯೇ ಕಾಣುತ್ತದೆ. ಜೂಮ್‌ನಲ್ಲಿ Mirror my video ಎಂಬ ಗುರುತನ್ನು ತೆಗೆದರೆ ಅವರು ನೋಡುವಂತೆಯೇ ನೀವೂ ನೋಡಬಹುದು. ಸೆರಗು, ಬ್ರೂಚ್ ಹೊಂದಿಸುವಾಗ ಇದು ಉಪಯೋಗಕ್ಕೆ ಬರುತ್ತದೆ.

ಹಿನ್ನೆಲೆಯನ್ನು ಮಸುಕು ಮಾಡುವ ಇಲ್ಲವೇ ಚಿತ್ರ ಹಾಕುವ ಅಭ್ಯಾಸ ನಿಮಗಿದ್ದರೆ ಕೊನೆಯದಾಗಿ ಕುರ್ಚಿಯ ಬಣ್ಣ ನೋಡಿಕೊಳ್ಳಿ. ಕಪ್ಪು ಕುರ್ಚಿಯ ಮುಂದೆ ಗಾಢ ಕುರ್ತಾ ಹಾಕಿದರೆ ಆ್ಯಪ್‌ಗೆ ಹೆಗಲು ಎಲ್ಲಿ ಮುಗಿಯಿತು, ಕುರ್ಚಿ ಎಲ್ಲಿ ಶುರುವಾಯಿತು ಎಂದು ತಿಳಿಯದೆ ಹೆಗಲನ್ನೇ ಕತ್ತರಿಸುತ್ತದೆ ಅಥವಾ ಕುರ್ಚಿಯ ತುಂಡನ್ನು ನಿಮಗೆ ಅಂಟಿಸುತ್ತದೆ. ಕುರ್ಚಿಯ ಬೆನ್ನಿಗೆ ತಿಳಿ ಬಣ್ಣದ ಟವಲ್ ಹೊದಿಸಿದರೆ ಸಾಕು. ನಿಜವಾದ ಹಸಿರು ಪರದೆ ಕಟ್ಟಿಕೊಂಡವರು ಮಾತ್ರ ಹಸಿರು ಬಟ್ಟೆಯನ್ನು ಪೂರ್ತಿ ದೂರ ಇಡಬೇಕು, ಹಸಿರು ಅಂಚಿನ ಸೆರಗನ್ನೂ ಸೇರಿಸಿ.